ಗುಲಾಬಿ ಡಿಸ್ಕ್ ಮತ್ತು ಮಾಲೆಯ ಗಡ್ಡ: ಬಸ್ ಬಾಡಿ ಶೆಡ್‌ನ ಇಬ್ಬರು ಪೇಂಟರ್‌ಗಳ ಪ್ರಕರಣ

ಬೆಂಗಳೂರಿನ ಹೊರವಲಯದಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಶೆಡ್ ಒಂದಿದೆ. ಬರಿ ಚಾಸಿ ಬರುತ್ತದೆ. ಇಲ್ಲಿ ಬಾಡಿ ಕೂರಿಸಿ, ಪುಟ್ಟಿ ಹಾಕಿ, ಉಜ್ಜಿ, ಬಣ್ಣ ಹೊಡೆದು ಕಳಿಸುತ್ತಾರೆ. ಒಂದು ಡಿಸೆಂಬರ್‌ನಲ್ಲಿ ಅಲ್ಲಿಂದ ನನಗೆ ಕರೆ ಬಂತು. ಪೇಂಟ್ ಬೂತ್‌ನಲ್ಲಿ ಕೆಲಸ ಮಾಡುವ ಇಬ್ಬರಿಗೂ ತೊಂದರೆ ಶುರುವಾಗಿತ್ತು.

ಹಿರಿಯ ಪೇಂಟರ್‌ಗೆ ಬೂತ್ ಒಳಗೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ತಲೆ ಭಾರವಾಗುತ್ತಿತ್ತು. ಮಾಸ್ಕ್ ಹಾಕಿಕೊಂಡಿದ್ದರೂ ತಿನ್ನರ್ ವಾಸನೆ ನೇರವಾಗಿ ಮೂಗಿಗೆ ಬಡಿಯುತ್ತಿತ್ತು. ಕಿರಿಯವರಿಗೆ ರಾತ್ರಿ ಹೊತ್ತು ಕೆಮ್ಮು, ಎದೆ ಬಿಗಿತ. ಭಾನುವಾರ ಮಾತ್ರ ಆರಾಮ. ಅವರು ಅಯ್ಯಪ್ಪ ಮಾಲೆ ಹಾಕಿದ್ದರು, ಹಾಗಾಗಿ ಶೆಡ್‌ನಲ್ಲಿ ಮಾಲೀಕರಿಂದ ಹಿಡಿದು ಎಲ್ಲರೂ ಅವರನ್ನು ‘ಸ್ವಾಮಿ’ ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ, ಇಲ್ಲೂ ಹಾಗೇ ಬರೆಯುತ್ತೇನೆ.

ಮಾಲೀಕರಿಗೆ ಇದು ಅರ್ಥವೇ ಆಗಿರಲಿಲ್ಲ. “ಒಳ್ಳೆ ಮಾಸ್ಕೇ ಕೊಡ್ಸಿದ್ದೀನಿ ಸಾರ್. ಆಗಸ್ಟ್‌ನಲ್ಲಿ ಫಿಟ್ ಟೆಸ್ಟೂ ಮಾಡ್ಸಿದೀನಿ. ಇಬ್ರೂ ಪಾಸು. ನೋಡಿ, ಕಾಗದ ಇಲ್ಲೇ ಇದೆ” ಅಂದರು. ಫಿಟ್ ಟೆಸ್ಟ್ ಅಂದರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದೆಯೇ ಅಂತ ನೋಡುವ ಪರೀಕ್ಷೆ. ಕಾಗದ ಸರಿಯಾಗಿಯೇ ಇತ್ತು. ಪರೀಕ್ಷೆ ಮಾಡಿದವರೂ ಕಳ್ಳಾಟ ಆಡಿರಲಿಲ್ಲ. ಈ ಪ್ರಕರಣವನ್ನು ಬರೆದಿಡೋಣ ಅನ್ನಿಸಿದ್ದು ಅದಕ್ಕೇ. ಇಬ್ಬರೂ ನ್ಯಾಯವಾಗಿ ಪಾಸಾಗಿದ್ದರು, ಆದರೂ ಇಬ್ಬರಿಗೂ ರಕ್ಷಣೆ ಇರಲಿಲ್ಲ.

ಬೂತ್‌ನ ಗಾಳಿಯಲ್ಲಿ ಏನಿತ್ತು

ಮಾಸ್ಕ್ ನೋಡುವ ಮುಂಚೆ ನಾನು ಡಬ್ಬಗಳನ್ನು ನೋಡುತ್ತೇನೆ. ಬಸ್ಸಿಗೆ ಹೊಡೆಯುತ್ತಿದ್ದದ್ದು ಪಿಯು, ಅಂದರೆ ಪಾಲಿಯುರೆಥೇನ್ ಪೇಂಟ್. ಒಂದು ಡಬ್ಬದಲ್ಲಿ ಬಣ್ಣ, ಇನ್ನೊಂದರಲ್ಲಿ ಹಾರ್ಡನರ್. ಎರಡನ್ನೂ ಬೆರೆಸಿ, ತಿನ್ನರ್ ಹಾಕಿ ತೆಳು ಮಾಡಿ ಗನ್‌ಗೆ ತುಂಬುತ್ತಾರೆ.

ಗನ್ ಒತ್ತಿದಾಗ ಗಾಳಿಗೆ ಮೂರು ಬಗೆಯ ಸಾಮಾನು ಸೇರುತ್ತದೆ. ಮೊದಲನೆಯದು ಬಣ್ಣದ ಮಂಜು, ಅಂದರೆ ಸಣ್ಣ ಸಣ್ಣ ಹನಿಗಳು. ಎರಡನೆಯದು ತಿನ್ನರ್‌ನ ಆವಿ: ಟಾಲೀನ್, ಝೈಲೀನ್, ಬ್ಯುಟೈಲ್ ಅಸಿಟೇಟ್ ಇಂಥವು. ಇದು ಹನಿಯಲ್ಲ, ಗಾಳಿಯಲ್ಲಿ ಕರಗಿಹೋದ ಅನಿಲ. ಮೂರನೆಯದು ಹಾರ್ಡನರ್‌ನ ಐಸೊಸಯನೇಟ್. ಗನ್ ಹೊಡೆಯುವಾಗ ಇದರ ಹೆಚ್ಚಿನ ಪಾಲು ಮಂಜಿನ ಹನಿಯಲ್ಲೇ ಇರುತ್ತದೆ, ಸ್ವಲ್ಪ ಆವಿಯಾಗಿಯೂ ಇರುತ್ತದೆ.

ಈ ಮೂರನೆಯದೇ ಇಲ್ಲಿ ನಿಜವಾದ ಭಯ. ತಿನ್ನರ್ ವಾಸನೆ ಎಲ್ಲರಿಗೂ ಗೊತ್ತಾಗುತ್ತದೆ. ಐಸೊಸಯನೇಟ್ ಅಪಾಯದ ಮಟ್ಟ ದಾಟಿದರೂ ಮೂಗಿಗೆ ತಿಳಿಯುವುದಿಲ್ಲ. ಕೆಲವರಲ್ಲಿ ಅದು ಆಸ್ತಮಾ ತರುತ್ತದೆ. ಒಮ್ಮೆ ದೇಹ ಅದಕ್ಕೆ ತಿರುಗಿಬಿದ್ದರೆ ಆಮೇಲೆ ತೀರಾ ಕಡಿಮೆ ಪ್ರಮಾಣಕ್ಕೂ ಎದೆ ಬಿಗಿಯುತ್ತದೆ. ತೊಂದರೆ ಕೆಲಸದ ಹೊತ್ತಿನಲ್ಲೇ ಕಾಣಬೇಕೆಂದಿಲ್ಲ. ಸಂಜೆ ಮನೆಗೆ ಹೋದ ಮೇಲೆ, ರಾತ್ರಿ ಮಲಗಿದಾಗ ಕಾಣಿಸಿಕೊಂಡು, ರಜೆಯ ದಿನ ಕಡಿಮೆಯಾಗುವುದು ಇದರ ರೀತಿ. ಸ್ವಾಮಿಯವರ ಭಾನುವಾರದ ಆರಾಮ ಕೇಳಿದ ಕೂಡಲೇ ನಾನು ಮಾಲೀಕರಿಗೆ ಹೇಳಿದ ಮೊದಲ ಮಾತು: ಇವರನ್ನು ಇವತ್ತಿನಿಂದಲೇ ಗನ್‌ನಿಂದ ದೂರ ಇಡಿ, ಶ್ವಾಸಕೋಶದ ಡಾಕ್ಟರ್‌ಗೆ ತೋರಿಸಿ. ಮಾಸ್ಕ್ ವಿಚಾರ ಆಮೇಲೆ.

ಹಿರಿಯ ಪೇಂಟರ್: ಮುಖ ಸರಿ, ಫಿಲ್ಟರ್ ತಪ್ಪು

ಹಿರಿಯ ಪೇಂಟರ್ ಪ್ರತಿದಿನ ಕ್ಷೌರ ಮಾಡಿಕೊಳ್ಳುವವರು. ಅವರದು ಮೂಗು ಬಾಯಿ ಮುಚ್ಚುವ ರಬ್ಬರ್‌ನ ಹಾಫ್ ಮಾಸ್ಕ್, ಎರಡು ಕೆನ್ನೆಯ ಕಡೆ ಒಂದೊಂದು ತೆಳ್ಳಗಿನ ಗುಲಾಬಿ ಡಿಸ್ಕ್. ಅಮೆರಿಕದ ಪದ್ಧತಿಯಲ್ಲಿ ಈ ಗುಲಾಬಿ ಬಣ್ಣ ಅಂದರೆ ಪಿ100. ಕಣಗಳನ್ನು ತಡೆಯುವ ಫಿಲ್ಟರ್‌ಗಳಲ್ಲಿ ಇದೇ ಮೇಲಿನ ದರ್ಜೆ, 99.97 ಶೇಕಡಾ ಹಿಡಿಯುತ್ತದೆ. ಎಣ್ಣೆಯ ಹನಿಗೂ ಬಗ್ಗುವುದಿಲ್ಲ.

ಡಿಸ್ಕ್ ಬಂದದ್ದು ಪೇಂಟಿಂಗ್‌ಗೆ ಅಲ್ಲ, ಪುಟ್ಟಿ ಉಜ್ಜುವ ಕೆಲಸಕ್ಕೆ. ಅಲ್ಲಿ ಬರಿ ಧೂಳು, ಅಲ್ಲಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ದಿನವಿಡೀ ಉಜ್ಜಿದರೂ ಮೂಗಿನೊಳಗೆ ಬಿಳಿ ಕಾಣುತ್ತಿರಲಿಲ್ಲವಂತೆ. ಇಷ್ಟು ಚೆನ್ನಾಗಿರುವ ಮಾಸ್ಕ್ ಬೂತ್‌ಗೂ ಆಗುತ್ತೆ ಅಂದುಕೊಂಡರು. ಅಂದುಕೊಳ್ಳುವುದು ಸಹಜ, ಅಲ್ವಾ?

ಆಗುವುದಿಲ್ಲ. ಕಣದ ಫಿಲ್ಟರ್ ಅಂದರೆ ನಾರುಗಳ ಒಂದು ಪದರ. ಹನಿ, ಧೂಳು, ಹೊಗೆ ಇಂಥವು ನಾರಿಗೆ ಬಡಿದು, ಇಲ್ಲವೇ ವಿದ್ಯುತ್ ಆವೇಶಕ್ಕೆ ಸಿಕ್ಕಿ ಅಂಟಿಕೊಳ್ಳುತ್ತವೆ. ಟಾಲೀನ್ ಆವಿ ಒಂದೊಂದೇ ಅಣುವಾಗಿ ಓಡಾಡುತ್ತದೆ. ಆಮ್ಲಜನಕ ಹೇಗೆ ನುಸುಳಿ ಬರುತ್ತದೋ ಅದೂ ಹಾಗೇ ಬರುತ್ತದೆ. ಫಿಲ್ಟರ್ 95 ಆದರೂ ಅಷ್ಟೇ, 100 ಆದರೂ ಅಷ್ಟೇ. ಆವಿ ಹಿಡಿಯಲು ಇದ್ದಿಲಿನ ಕಾರ್ಟ್ರಿಡ್ಜ್ ಬೇಕು, ಅದರ ಸಣ್ಣ ರಂಧ್ರಗಳ ಗೋಡೆಗೆ ಅಣುಗಳು ಅಂಟಿಕೊಳ್ಳಬೇಕು. ಇನ್ನೊಂದು ಕಿರಿಕಿರಿಯೂ ಇದೆ. ಡಿಸ್ಕ್ ಹಿಡಿದಿಟ್ಟ ಹನಿ ಅಲ್ಲೇ ಕೂತು ಒಣಗುತ್ತದೆ. ಅದರಲ್ಲಿದ್ದ ತಿನ್ನರ್ ಆವಿಯಾಗಿ ಮುಂದಿನ ಉಸಿರಿನ ಜೊತೆ ಒಳಗೇ ಹೋಗುತ್ತದೆ.

ಆದರೂ ಡಿಸ್ಕ್ ಪೂರ್ತಿ ದಂಡ ಅನ್ನಲಾರೆ. ಮಂಜಿನಲ್ಲಿದ್ದ ಐಸೊಸಯನೇಟ್‌ನ ದೊಡ್ಡ ಪಾಲನ್ನು ಅದು ತಡೆದಿತ್ತು. ಇದರ ಉಲ್ಟಾ ತಪ್ಪು ಮಾಡುವವರೂ ಇದ್ದಾರೆ: ಬರಿ ಇದ್ದಿಲಿನ ಕಾರ್ಟ್ರಿಡ್ಜ್ ಹಾಕಿ ಮುಂದಿನ ಕಣದ ಫಿಲ್ಟರ್ ಬಿಟ್ಟುಬಿಡುವುದು. ಆಗ ವಾಸನೆ ನಿಲ್ಲುತ್ತದೆ, ಹನಿ ದಾಟಿ ಬರುತ್ತದೆ. ಪೇಂಟರ್‌ಗೆ ಮಾತ್ರ “ಈಗ ಸರಿಹೋಯ್ತು” ಅನ್ನಿಸುತ್ತದೆ. ಸ್ಪ್ರೇ ಕೆಲಸಕ್ಕೆ ಎರಡೂ ಒಟ್ಟಿಗೆ ಬೇಕು.

“ಸಾರ್, ಇದ್ರಲ್ಲಿ ಕಾರ್ಬನ್ ಇದೆ ಅಂತ ಅಂಗಡಿಯವ್ರು ಹೇಳಿದ್ರು” ಅಂತ ಹಿರಿಯ ಪೇಂಟರ್ ಡಿಸ್ಕ್ ತಿರುಗಿಸಿ ತೋರಿಸಿದರು. ನಿಜ, ಒಳಗೆ ಬೂದುಬಣ್ಣದ ತೆಳು ಪದರ ಇತ್ತು. ಕೆಲವು ಡಿಸ್ಕ್‌ಗಳಲ್ಲಿ ಇಂಥ ಪದರ ಬರುತ್ತದೆ. ಅದು ಅನುಮತಿಸಿದ ಮಿತಿಗಿಂತ ಕೆಳಗಿರುವ ವಾಸನೆಯ ಕಿರಿಕಿರಿ ಕಡಿಮೆ ಮಾಡಲು ಅಷ್ಟೇ. ವೆಲ್ಡಿಂಗ್ ಮಾಡುವಾಗ ಪಕ್ಕದಿಂದ ಬರುವ ವಾಸನೆಗೆ ಸರಿ, ಬೂತ್‌ನ ಗಾಳಿಗೆ ಅಲ್ಲ. ತಯಾರಕರು ಇದನ್ನು ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಪೊಟ್ಟಣ ಪೇಂಟರ್ ಕೈಗೆ ಬರುವ ಮುಂಚೆಯೇ ಕಸದ ಬುಟ್ಟಿಗೆ ಹೋಗಿರುತ್ತದೆ.

ಬಣ್ಣ ನೋಡಿ ಕೊಳ್ಳುವುದರಲ್ಲೂ ಒಂದು ಗುಂಡಿ ಇದೆ. ನಮ್ಮ ಮಾರ್ಕೆಟ್‌ನಲ್ಲಿ ಅಮೆರಿಕದ ಮಾದರಿ, ಯುರೋಪಿನ ಮಾದರಿ ಎರಡೂ ಸಿಗುತ್ತವೆ. ತಿನ್ನರ್‌ನಂಥ ಸಾವಯವ ಆವಿಯ ಕಾರ್ಟ್ರಿಡ್ಜ್‌ಗೆ ಅಮೆರಿಕದ ಮಾದರಿಯಲ್ಲಿ ಕಪ್ಪು ಪಟ್ಟಿ, ಯುರೋಪಿನದರಲ್ಲಿ ಕಂದು ಪಟ್ಟಿ. ಬಿಳಿ ಪಟ್ಟಿ ಅಮೆರಿಕದಲ್ಲಿ ಆಸಿಡ್ ಅನಿಲಕ್ಕೆ, ಯುರೋಪಿನಲ್ಲಿ ಕಣಕ್ಕೆ. ಹಾಗಾಗಿ ಬಣ್ಣ ನಂಬದೆ ಮೇಲಿನ ಬರಹ ಓದಬೇಕು. ಯುರೋಪಿನ ಮಾದರಿಯಾದರೆ ‘ಎ2ಪಿ3’ ಅಂತ ಇದ್ದರೆ ಎ ಅಂದರೆ ಸಾವಯವ ಆವಿ, ಪಿ ಅಂದರೆ ಕಣ.

ಹಾಗಾದರೆ ಅವರು ಫಿಟ್ ಟೆಸ್ಟ್ ಪಾಸಾದದ್ದು ಹೇಗೆ?

ಈ ಪ್ರಶ್ನೆ ಮಾಲೀಕರೇ ಕೇಳಿದರು, ಸರಿಯಾದ ಪ್ರಶ್ನೆಯೇ. ಅದಕ್ಕೆ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಅವರ ಎದುರೇ ಮಾಡಿ ತೋರಿಸಿದೆ.

ಹಿರಿಯ ಪೇಂಟರ್‌ಗೆ ಮುಂಚೆ ಹದಿನೈದು ನಿಮಿಷ ನೀರು ಬಿಟ್ಟು ಬೇರೇನೂ ಬೇಡ ಅಂದೆ. ಬೀಡಿ, ಟೀ, ಎಲೆ ಅಡಿಕೆ ಯಾವುದೂ ಇಲ್ಲ. ಮಾಸ್ಕ್ ಇಲ್ಲದೆ ತಲೆಗೆ ಒಂದು ಹುಡ್ ಹಾಕಿದೆ. ಎದುರಿಗೆ ಪಾರದರ್ಶಕ ಕಿಟಕಿ, ಅದರಲ್ಲೊಂದು ಸಣ್ಣ ತೂತು. ಆ ತೂತಿನಿಂದ ತೀರಾ ತೆಳುವಾದ ಸ್ಯಾಕರಿನ್ ದ್ರಾವಣವನ್ನು ಸ್ಪ್ರೇ ಮಾಡುತ್ತಾ ಹೋಗಬೇಕು. ಅವರು ನಾಲಿಗೆ ಸ್ವಲ್ಪ ಹೊರಗಿಟ್ಟು ಬಾಯಿಂದ ಉಸಿರಾಡಬೇಕು. ಹತ್ತು ಸಲ ಒತ್ತುವಷ್ಟರಲ್ಲೇ “ಸಿಹಿ ಬಂತು” ಅಂದರು. ಇದು ಅವರ ನಾಲಿಗೆಯ ಅಳತೆ. ಕೆಲವರಿಗೆ ಇಪ್ಪತ್ತು, ಮೂವತ್ತು ಬೇಕಾಗುತ್ತದೆ. ಮೂವತ್ತಕ್ಕೂ ಗೊತ್ತಾಗದಿದ್ದರೆ ಆ ವ್ಯಕ್ತಿಗೆ ಸ್ಯಾಕರಿನ್ ಪರೀಕ್ಷೆ ನಡೆಯುವುದಿಲ್ಲ, ಕಹಿಯ ದ್ರಾವಣವೋ ಬೇರೆ ವಿಧಾನವೋ ಬಳಸಬೇಕು.

ಬಾಯಿ ತೊಳೆದು ಬಂದ ಮೇಲೆ ಮಾಸ್ಕ್ ಹಾಕಿಸಿ ಮತ್ತೆ ಹುಡ್. ಈ ಸಲದ ದ್ರಾವಣ ಮೊದಲಿನದಕ್ಕಿಂತ 100 ಪಟ್ಟು ಗಟ್ಟಿ. ಅಷ್ಟು ಗಟ್ಟಿ ಮಂಜಿನ ನಡುವೆಯೂ ಸಿಹಿ ಬರಲಿಲ್ಲ ಅಂದರೆ ಒಳಗೆ ನೂರರಲ್ಲಿ ಒಂದು ಪಾಲೂ ನುಸುಳುತ್ತಿಲ್ಲ ಅಂತ ಲೆಕ್ಕ. ಹಾಫ್ ಮಾಸ್ಕ್‌ಗೆ ಬೇಕಾದ ಅಂಕವೂ ಅದೇ, 100. ಆ ಹೊತ್ತಿನಲ್ಲಿ ಸುಮ್ನೆ ಕೂರುವಂತಿಲ್ಲ. ಸಹಜ ಉಸಿರು, ಆಳವಾದ ಉಸಿರು, ತಲೆ ಎಡ ಬಲ, ಮೇಲೆ ಕೆಳಗೆ, ಜೋರಾಗಿ ಮಾತು, ಸೊಂಟದಿಂದ ಬಾಗುವುದು, ಮತ್ತೆ ಸಹಜ ಉಸಿರು. ಒಂದೊಂದೂ ಒಂದು ನಿಮಿಷ. ಪ್ರತಿ ಮೂವತ್ತು ಸೆಕೆಂಡಿಗೆ ಮತ್ತಷ್ಟು ಸ್ಪ್ರೇ. ಮಾತಾಡಲು ಹೇಳಿದಾಗ ಅವರು ನೂರರಿಂದ ಹಿಂದಕ್ಕೆ ಎಣಿಸಿದರು. ಕೊನೆವರೆಗೂ ಸಿಹಿ ಇಲ್ಲ. ಮತ್ತೆ ಪಾಸು!

“ನೋಡಿ ಮತ್ತೆ!” ಅಂದರು ಮಾಲೀಕರು.

ಉತ್ತರ ಅದರಲ್ಲೇ ಇತ್ತು. ಸ್ಯಾಕರಿನ್ ಮಂಜು ಅಂದರೆ ಕಣ. ಕಣವನ್ನು ಗುಲಾಬಿ ಡಿಸ್ಕ್ ತಡೆಯುತ್ತದೆ. ಆಮೇಲೆ ಸಿಹಿ ಬರುವುದಾದರೆ ರಬ್ಬರ್ ಅಂಚು ಮತ್ತು ಚರ್ಮದ ನಡುವಿನ ಸಂದಿಯಿಂದ ಮಾತ್ರ ಬರಬೇಕು. ಫಿಟ್ ಟೆಸ್ಟ್ ಕೇಳುವ ಪ್ರಶ್ನೆ ಒಂದೇ: ಈ ಮಾದರಿಯ, ಈ ಸೈಜಿನ ಮಾಸ್ಕ್ ಈ ಮುಖಕ್ಕೆ ಕೂರುತ್ತದೆಯೇ? ನೀವು ಕೆಲಸ ಮಾಡುವ ಗಾಳಿಗೆ ಈ ಫಿಲ್ಟರ್ ಸರಿಯೇ ಅಂತ ಅದು ಕೇಳುವುದೇ ಇಲ್ಲ. ಅದನ್ನು ಡಬ್ಬದ ಜೊತೆ ಬರುವ ಸುರಕ್ಷತಾ ಹಾಳೆ ಓದಿ ನಾವೇ ತೀರ್ಮಾನಿಸಬೇಕು. ಆಗಸ್ಟ್‌ನಲ್ಲಿ ಬಂದವರನ್ನು ಕರೆಸಿದ್ದು ಫಿಟ್ ಟೆಸ್ಟ್‌ಗೆ, ಅವರು ಮಾಡಿದ್ದೂ ಅಷ್ಟೇ. ಬೂತ್‌ನ ಒಳಗೆ ಯಾರೂ ಕರೆದುಕೊಂಡು ಹೋಗಿರಲಿಲ್ಲ.

ಸ್ವಾಮಿ: ಫಿಲ್ಟರ್ ಸರಿ, ಮುಖ ಬೇರೆ

ಸ್ವಾಮಿಯವರದು ಅದೇ ಮಾದರಿಯ ಮಾಸ್ಕ್, ಆದರೆ ಕಾರ್ಟ್ರಿಡ್ಜ್‌ನ ಬಗೆ ಸರಿ ಇತ್ತು: ಸಾವಯವ ಆವಿಗೆ ಇದ್ದಿಲು, ಮುಂದೆ ಕಣದ ಫಿಲ್ಟರ್. ಆಗಸ್ಟ್‌ನಲ್ಲಿ ನುಣ್ಣಗೆ ಕ್ಷೌರ ಮಾಡಿದ ಮುಖಕ್ಕೆ ಪರೀಕ್ಷೆ ಆಗಿತ್ತು. ನವೆಂಬರ್ ಮಧ್ಯದಲ್ಲಿ ಮಾಲೆ ಹಾಕಿದರು. 41 ದಿನದ ವ್ರತದಲ್ಲಿ ಕ್ಷೌರ ಇಲ್ಲ. ನಾನು ಹೋದಾಗ ಗಡ್ಡ ಒತ್ತಾಗಿ ಬೆಳೆದಿತ್ತು, ಮಾಸ್ಕ್‌ನ ಅಂಚು ಕೆನ್ನೆಯಿಂದ ಗಲ್ಲದ ಕೆಳಗಿನವರೆಗೆ ಪೂರ್ತಿ ಕೂದಲಿನ ಮೇಲೇ ಕೂರುತ್ತಿತ್ತು.

“ವಾಸನೆ ಸ್ವಲ್ಪ ಬರುತ್ತೆ ಸಾರ್. ಪೇಂಟ್ ಕೆಲ್ಸ ಅಂದ್ಮೇಲೆ ಬರಲ್ವಾ? ಬೆಲ್ಟ್ ಎಳೆದು ಬಿಗಿ ಮಾಡ್ಕೊಂಡಿದ್ದೀನಿ” ಅಂದರು.

ಬಿಗಿ ಮಾಡಿದರೆ ಆಗುವುದಿಲ್ಲ. ಒಂದು ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅನ್ನಿ. ಎನ್95ನಂಥ ಫಿಲ್ಟರ್‌ಗಳನ್ನು ಪರೀಕ್ಷಿಸುವ ಕಣ 0.3 ಮೈಕ್ರಾನ್. ಅಂದರೆ ಒಂದು ಕೂದಲು ಅಂಚನ್ನು ಎತ್ತಿ ಹಿಡಿದರೆ, ಅದರ ಪಕ್ಕದ ಸಂದಿ ಕಣಕ್ಕೆ ಹೆದ್ದಾರಿ ಇದ್ದ ಹಾಗೆ. ಆವಿಗಂತೂ ಕೇಳುವುದೇ ಬೇಡ. ಇನ್ನು ಸಾವಿರಾರು ಕೂದಲು ಒಂದರ ಮೇಲೊಂದು ಬಿದ್ದಿದ್ದರೆ ರಬ್ಬರ್ ಎಲ್ಲೂ ಚರ್ಮವನ್ನು ಮುಟ್ಟುವುದೇ ಇಲ್ಲ.

ಗಡ್ಡವೇ ಫಿಲ್ಟರ್ ಥರ ಕೆಲಸ ಮಾಡುತ್ತದೆ ಅಂತ ನಂಬುವವರಿದ್ದಾರೆ. ಕೂದಲಿನ ನಡುವಿನ ಜಾಗ ಅಷ್ಟು ದೊಡ್ಡದಿರುವಾಗ ಅದು ಏನನ್ನೂ ಹಿಡಿಯಲಾರದು.

ಉಸಿರು ಎಳೆದಾಗ ಮಾಸ್ಕ್ ಒಳಗೆ ಒತ್ತಡ ಸ್ವಲ್ಪ ಇಳಿಯುತ್ತದೆ. ಗಾಳಿ ಒಳಗೆ ಬರಲೇಬೇಕು, ಸುಲಭದ ದಾರಿ ಯಾವುದೋ ಅದನ್ನೇ ಹಿಡಿಯುತ್ತದೆ. ಕಾರ್ಟ್ರಿಡ್ಜ್ ಮೂಲಕ ಬರಲು ತಡೆ ಇದೆ, ಗಡ್ಡದ ಸಂದಿಯಲ್ಲಿ ಅಷ್ಟಿಲ್ಲ. ಹೊರಗಿನ ಗಾಳಿಯಲ್ಲಿ 100 ಪಾಲು ವಿಷ ಇದೆ ಅಂದುಕೊಳ್ಳಿ. ಪಿ100 ಫಿಲ್ಟರ್ ದಾಟಿ ಬರುವ ಕಣ 0.03 ಪಾಲು. ಉಸಿರಿನ ಹತ್ತನೇ ಒಂದು ಭಾಗ ಸಂದಿಯಿಂದ ಬಂದರೆ ಅದರ ಜೊತೆ 10 ಪಾಲು ಬರುತ್ತದೆ. ಅಂದಮೇಲೆ ಇನ್ನೂ ದುಬಾರಿ ಫಿಲ್ಟರ್ ತಂದು ಏನು ಪ್ರಯೋಜನ? ಕೆಲವೊಮ್ಮೆ ಅದು ಕೆಡುಕನ್ನೇ ಮಾಡುತ್ತದೆ. ಫಿಲ್ಟರ್ ದಟ್ಟವಾದಷ್ಟೂ, ಬಣ್ಣ ಮೆತ್ತಿ ಕಟ್ಟಿಕೊಂಡಷ್ಟೂ ಆ ಕಡೆಯ ತಡೆ ಹೆಚ್ಚಾಗಿ, ಸಂದಿಯ ಪಾಲು ಇನ್ನೂ ಜಾಸ್ತಿಯಾಗುತ್ತದೆ.

ನಿಯಮದ ಪ್ರಕಾರ ಅಂಚಿನ ಕೆಳಗೆ ಕೂದಲಿದ್ದರೆ ಫಿಟ್ ಟೆಸ್ಟ್ ಮಾಡಲೇಬಾರದು. ನಾನು ಮಾಡಿದ್ದು ಪರೀಕ್ಷೆ ಅಲ್ಲ, ಮಾಲೀಕರಿಗೆ ತೋರಿಸಲು ಒಂದು ಪ್ರಾತ್ಯಕ್ಷಿಕೆ. ಕಣ ಎಣಿಸುವ ಯಂತ್ರ ತಂದಿದ್ದೆ. ಅದು ಮಾಸ್ಕ್‌ನ ಹೊರಗಿನ ಕಣಗಳನ್ನೂ ಒಳಗಿನ ಕಣಗಳನ್ನೂ ಎಣಿಸಿ ಭಾಗಿಸಿ ಅಂಕ ಕೊಡುತ್ತದೆ. ಸ್ವಾಮಿ ಸುಮ್ಮನೆ ಕೂತಾಗ ಅಂಕ 40ರ ಆಸುಪಾಸು. ಮಾತಾಡಲು ಹೇಳಿದೆ. ಶರಣು ಘೋಷ ಶುರು ಮಾಡಿದರು. ಅಂಕ 9ಕ್ಕೆ ಇಳಿಯಿತು. ಬೇಕಾದದ್ದು 100. ಒಂದು ವೇಳೆ 100 ಬಂದಿದ್ದರೂ ನಾನು ಒಪ್ಪುತ್ತಿರಲಿಲ್ಲ. ಗಡ್ಡದ ಮೇಲೆ ಮಾಸ್ಕ್ ಒಂದೊಂದು ಸಲ ಒಂದೊಂದು ಥರ ಕೂರುತ್ತದೆ, ಬೆಳಗ್ಗೆಯ ಅಂಕ ಮಧ್ಯಾಹ್ನಕ್ಕೆ ಹೊಂದುವುದಿಲ್ಲ.

ದಿನಾ ಮಾಸ್ಕ್ ಹಾಕಿದಾಗ ಕಾರ್ಟ್ರಿಡ್ಜ್‌ಗಳನ್ನು ಅಂಗೈಯಿಂದ ಮುಚ್ಚಿ ಉಸಿರೆಳೆದು ನೋಡುವ ರೂಢಿ ಸ್ವಾಮಿಯವರಿಗಿತ್ತು. ಮಾಸ್ಕ್ ಮುಖಕ್ಕೆ ಅಂಟಿ ಹಾಗೇ ನಿಲ್ಲಬೇಕು. “ಸ್ವಲ್ಪ ಅಂಟುತ್ತೆ, ಆಮೇಲೆ ಬಿಡುತ್ತೆ” ಅಂದರು. ಆ ‘ಆಮೇಲೆ ಬಿಡುತ್ತೆ’ ಅನ್ನುವುದೇ ಸೋರಿಕೆ. ಮೊದಲ ವಾರದಿಂದಲೇ ಮಾಸ್ಕ್ ಅವರಿಗೆ ಅದನ್ನು ಹೇಳುತ್ತಿತ್ತು, ಆದರೆ ಅದರ ಅರ್ಥವನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಅವರ ಕಾರ್ಟ್ರಿಡ್ಜ್ ಗಣಪತಿ ಹಬ್ಬದ ಕಾಲದ್ದು. ತಿನ್ನರ್ ಡ್ರಮ್ ಪಕ್ಕದ ಮೊಳೆಗೆ ತೂಗುಹಾಕುತ್ತಿದ್ದರು. ಇದ್ದಿಲಿಗೆ ರಜೆ ಅನ್ನುವುದಿಲ್ಲ, ಯಾರೂ ಹಾಕಿಕೊಳ್ಳದಿದ್ದರೂ ಅದು ಆವಿ ಹೀರುತ್ತಲೇ ಇರುತ್ತದೆ. ಝೈಲೀನ್‌ನಂಥ 70 ಡಿಗ್ರಿಗಿಂತ ಮೇಲೆ ಕುದಿಯುವ ದ್ರವದ ಆವಿ 200 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 200 ಪಾಲಿನ ಒಳಗಿದ್ದರೆ ಸುಮಾರು ಎಂಟು ಗಂಟೆ ಬಾಳಿಕೆ ಅನ್ನುವುದು ಕೆಲಸಗಾರರ ಒಂದು ಅಂದಾಜು. ಮಳೆಗಾಲದ ತೇವದಲ್ಲಿ ಅದು ಅರ್ಧಕ್ಕೂ ಇಳಿಯಬಹುದು. ಮೂರು ತಿಂಗಳ ಮಾತಂತೂ ಎಲ್ಲೂ ಇಲ್ಲ. ವಾಸನೆ ಬಂದಾಗ ಬದಲಿಸುತ್ತೇವೆ ಅನ್ನುವಂತೆಯೂ ಇಲ್ಲ, ಏಕೆಂದರೆ ಐಸೊಸಯನೇಟ್ ವಾಸನೆ ಕೊಟ್ಟು ಎಚ್ಚರಿಸುವುದಿಲ್ಲ.

ಏನು ಆಯ್ಕೆ ಮಾಡಿದೆವು

ಮಾಲೀಕರು ಕೇಳಿದ್ದು ಹೀಗೆ: “ಸ್ವಾಮಿಗೆ ಗಡ್ಡ ತೆಗೀರಿ ಅಂತ ಹೇಗೆ ಹೇಳ್ಲಿ ಸಾರ್? ಮುಂದಿನ ವರ್ಷಾನೂ ಮಾಲೆ ಹಾಕ್ತಾರೆ. ಇನ್ನೂ ನಾಲ್ಕು ಜನ ಹಾಕ್ತಾರೆ.” ಹೇಳಬೇಕಾಗಿಲ್ಲ. ಮುಖಕ್ಕೆ ಅಂಟಿ ಕೂರಬೇಕಾದ ಮಾಸ್ಕ್‌ಗೆ ಮಾತ್ರ ಗಡ್ಡ ತೊಡಕು. ತಲೆಯ ಮೇಲಿಂದ ಸಡಿಲವಾಗಿ ಬೀಳುವ ಹುಡ್‌ಗೆ ಅಲ್ಲ. ಅದರೊಳಗೆ ಶುದ್ಧ ಗಾಳಿ ಸತತವಾಗಿ ನುಗ್ಗಿ ಹೊರಕ್ಕೆ ತಳ್ಳುತ್ತಿರುತ್ತದೆ. ಅಂಚು ಚರ್ಮಕ್ಕೆ ಅಂಟಬೇಕಾಗಿಲ್ಲ, ಫಿಟ್ ಟೆಸ್ಟೂ ಬೇಕಾಗಿಲ್ಲ.

ಸೊಂಟಕ್ಕೆ ಕಟ್ಟುವ ಬ್ಯಾಟರಿ ಬ್ಲೋವರ್ ಇರುವ ಹುಡ್ ಮಾಲೀಕರಿಗೆ ಇಷ್ಟವಾಗಿತ್ತು, ಪೈಪಿನ ರಗಳೆ ಇಲ್ಲ ಅಂತ. ಬೂತ್‌ನಲ್ಲಿ ತಿನ್ನರ್ ಆವಿ ತುಂಬಿರುವಾಗ ಸಾಮಾನ್ಯ ಮೋಟಾರ್, ಬ್ಯಾಟರಿ ಒಳಗೆ ಒಯ್ಯುವುದು ಬೆಂಕಿಗೆ ಆಹ್ವಾನ. ಕಿಡಿ ಬರದಂತೆ ಪ್ರಮಾಣೀಕರಿಸಿದ ಬ್ಲೋವರ್ ಬೇಕಾಗುತ್ತದೆ. ಅದೂ ಅಲ್ಲದೆ ಐಸೊಸಯನೇಟ್ ಸ್ಪ್ರೇಗೆ ಹೊರಗಿನಿಂದ ಪೈಪ್ ಮೂಲಕ ಗಾಳಿ ಕೊಡುವ ಹುಡ್ಡೇ ಮೊದಲ ಆಯ್ಕೆ. ಅದರಲ್ಲಿ ಯಾವ ಕಾರ್ಟ್ರಿಡ್ಜ್ ಯಾವಾಗ ಮುಗಿಯಿತು ಅನ್ನುವ ಚಿಂತೆಯೇ ಇಲ್ಲ. ಬ್ರಿಟನ್‌ನ ಸುರಕ್ಷತಾ ಇಲಾಖೆ ಎಚ್‌ಎಸ್‌ಇ ಕೂಡ ಈ ಕೆಲಸಕ್ಕೆ ಇದನ್ನೇ ಹೇಳುತ್ತದೆ. ಇಬ್ಬರಿಗೂ ಅದನ್ನೇ ಗೊತ್ತುಮಾಡಿದೆವು.

ಗಾಳಿ ಎಲ್ಲಿಂದ? ಶೆಡ್‌ನ ಕಂಪ್ರೆಸರ್ ಇದ್ದೇ ಇದೆಯಲ್ಲ ಅಂದರು. ಹೋಗಿ ನೋಡಿದರೆ ಅದು ಗಾಳಿ ಎಳೆದುಕೊಳ್ಳುವ ಬಾಯಿ ಅಂಗಳದ ಕಡೆ, ಡೀಸೆಲ್ ಬಸ್‌ಗಳು ಸ್ಟಾರ್ಟ್ ಆಗಿ ನಿಲ್ಲುವ ಜಾಗದಲ್ಲಿತ್ತು. ಎಣ್ಣೆ ಹಾಕುವ ಕಂಪ್ರೆಸರ್ ಬಿಸಿಯಾದರೆ ಅದರೊಳಗೇ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಹುಟ್ಟಬಹುದು. ಉಸಿರಾಟದ ಗಾಳಿಯಲ್ಲಿ ಅದಕ್ಕೆ ಅಮೆರಿಕದ ಮಿತಿ 10 ಪಿಪಿಎಂ. ಹಾಗಾಗಿ ಗಾಳಿ ಎಳೆಯುವ ಬಾಯಿಯನ್ನು ಹಿಂಬದಿಗೆ ಸರಿಸಿ ಎತ್ತರಕ್ಕೆ ಒಯ್ದರು. ಎಣ್ಣೆ, ನೀರು, ವಾಸನೆ ತೆಗೆಯುವ ಫಿಲ್ಟರ್ ಪ್ಯಾನಲ್, ಮೊನಾಕ್ಸೈಡ್ ಅಲಾರಂ ಕೂಡಿಸಿದರು. ಹುಡ್‌ನ ಪೈಪಿಗೆ ಬೇರೆ ಥರದ ಕನೆಕ್ಟರ್ ಹಾಕಿಸಿದೆವು. ಗನ್‌ನ ಲೈನಿಗೋ ಇನ್ನೊಂದಕ್ಕೋ ಯಾರಾದರೂ ಅವಸರದಲ್ಲಿ ಸಿಕ್ಕಿಸಬಾರದು ಅಂತ.

ಹುಡ್ ಬಂದ ಮೇಲೂ ಒಂದು ಚಾಳಿ ಕಂಡಿತು. ಒಂದು ಕೋಟ್ ಮುಗಿದ ಕೂಡಲೇ ಹಿರಿಯ ಪೇಂಟರ್ ಹುಡ್‌ನ ಮುಂದಿನ ಪಾರದರ್ಶಕ ವೈಸರ್ ಎತ್ತಿ, ಬಗ್ಗಿ, ಹೊಳಪು ಸರಿ ಬಂತಾ ಅಂತ ನೋಡುತ್ತಿದ್ದರು. ಗನ್ ನಿಂತಿದೆ, ಮಂಜು ಕಣ್ಣಿಗೆ ಕಾಣುತ್ತಿಲ್ಲ, ಆದರೆ ಬೂತ್ ಇನ್ನೂ ಖಾಲಿಯಾಗಿಲ್ಲ. ಬೂತ್‌ಗೆ ಹೊಗೆ ತುಂಬಿಸಿ, ಫ್ಯಾನ್ ಹಾಕಿ, ಅದು ಪೂರ್ತಿ ಹೋಗಲು ಎಷ್ಟು ಹೊತ್ತು ಬೇಕು ಅಂತ ಅಳೆದೆವು. ಆ ನಿಮಿಷಗಳನ್ನು ಬಾಗಿಲ ಮೇಲೆ ದೊಡ್ಡದಾಗಿ ಬರೆಸಿದರು. ಅಷ್ಟು ಹೊತ್ತು ವೈಸರ್ ಎತ್ತುವಂತಿಲ್ಲ. ವೈಸರ್ ಮಸುಕಾದಾಗ ಕಿತ್ತು ಹಾಕಲು ತೆಳು ಹಾಳೆಗಳ ಕಟ್ಟು ತರಿಸಿದ ಮೇಲೆ ಎತ್ತುವ ನೆಪ ಕಡಿಮೆಯಾಯಿತು.

ಹಾಫ್ ಮಾಸ್ಕ್ ಪೂರ್ತಿ ಹೋಗಲಿಲ್ಲ. ಪುಟ್ಟಿ ಉಜ್ಜಲು ಗುಲಾಬಿ ಡಿಸ್ಕ್, ಬಣ್ಣ ಬೆರೆಸಲು ಮತ್ತು ಗನ್ ತೊಳೆಯಲು ಆವಿ ಮತ್ತು ಕಣ ಎರಡನ್ನೂ ತಡೆಯುವ ಕಾರ್ಟ್ರಿಡ್ಜ್. ತೆರೆದ ದಿನಾಂಕವನ್ನು ಮಾರ್ಕರ್‌ನಿಂದ ಅದರ ಮೇಲೇ ಬರೆಯುತ್ತಾರೆ, ಕೆಲಸ ಮುಗಿದ ಮೇಲೆ ಜಿಪ್ ಕವರ್‌ನಲ್ಲಿ ಇಡುತ್ತಾರೆ, ಬಳಸಿದ ಗಂಟೆ ಎಂಟು ಆದರೆ ಬಿಸಾಡುತ್ತಾರೆ. ಫಿಟ್ ಟೆಸ್ಟ್ ವರ್ಷಕ್ಕೊಮ್ಮೆ. ನಡುವೆ ತೂಕ ತುಂಬ ಏರಿಳಿದರೆ, ಹಲ್ಲು ಕೀಳಿಸಿದರೆ, ಮಾಸ್ಕ್‌ನ ಮಾದರಿ ಬದಲಾದರೆ ಮತ್ತೊಮ್ಮೆ.

ಸ್ವಾಮಿಯವರು ಶಬರಿಮಲೆಗೆ ಹೋಗಿಬಂದು, ಮಾಲೆ ತೆಗೆದು, ಕ್ಷೌರ ಮಾಡಿಸಿಕೊಂಡು ಬಂದರು. ಅದೇ ಮಾಸ್ಕ್, ಅದೇ ಸೈಜು. ಈ ಸಲ ಯಂತ್ರದ ಅಂಕ ಸಾವಿರ ದಾಟಿತು. ಆದರೆ ಗನ್ ಅವರ ಕೈಗೆ ವಾಪಸ್ ಹೋಗಲಿಲ್ಲ. ಡಾಕ್ಟರ್ ಒಂದು ಊದುವ ಮೀಟರ್ ಕೊಟ್ಟು ಕೆಲಸದ ದಿನ, ರಜೆಯ ದಿನ ಎರಡರಲ್ಲೂ ದಿನಕ್ಕೆ ಹಲವು ಸಲ ಊದಿ ಬರೆದಿಡಲು ಹೇಳಿದ್ದರು. ಬೂತ್‌ನ ಹತ್ತಿರ ಪುಟ್ಟಿ ಕೆಲಸ ಮಾಡಿದ ದಿನಗಳಲ್ಲೂ ಊದಿದ ಅಳತೆಯ ಗೆರೆ ಕೆಳಗಿಳಿಯುತ್ತಿತ್ತು. ಇದು ಆ ಒಂದು ತಿಂಗಳ ಗಡ್ಡದಿಂದಲೇ ಬಂತು ಅನ್ನಲಾಗದು, ಅವರು ಹಲವು ವರ್ಷದಿಂದ ಈ ಕೆಲಸದಲ್ಲಿದ್ದಾರೆ. ಎದೆ ಹೀಗೆ ತಿರುಗಿಬಿದ್ದ ಮೇಲೆ ಹುಡ್ ಕೊಟ್ಟು ಮತ್ತೆ ಬೂತ್‌ಗೆ ಕಳಿಸುವುದು ತಪ್ಪು. ಈಗ ಅವರು ಶೆಡ್‌ನ ಇನ್ನೊಂದು ತುದಿಯಲ್ಲಿ ಸೀಟ್ ಕೂರಿಸುತ್ತಾರೆ, ಸಂಬಳ ಅಷ್ಟೇ ಇದೆ.

ಅವರ ಜಾಗಕ್ಕೆ ಬಂದ ಹುಡುಗನಿಗೂ ಗಡ್ಡ ಇದೆ, ಸ್ಟೈಲಿಗೆ ಬಿಟ್ಟದ್ದು. ಹುಡ್ ಇರುವುದರಿಂದ ಬೂತ್‌ನಲ್ಲಿ ಅವನಿಗೆ ಅಡ್ಡಿಯಿಲ್ಲ. ಬಣ್ಣ ಬೆರೆಸುವ ರೂಮಿನಲ್ಲಿ ಹಾಫ್ ಮಾಸ್ಕ್ ಬೇಕು, ಅದನ್ನು ಅವನಿಗೆ ಕೊಡುವಂತಿಲ್ಲ. ಹಾಗಾಗಿ ಬೆರೆಸುವ ಕೆಲಸ, ಗನ್ ತೊಳೆಯುವ ಕೆಲಸ ಎರಡೂ ಹಿರಿಯ ಪೇಂಟರ್ ಪಾಲಿಗೆ ಬಂದಿವೆ. “ಅವ್ನು ಗಡ್ಡ ಬಿಟ್ರೆ ಎರಡು ಕೆಲ್ಸ ನಂಗ್ ಬೀಳುತ್ತೆ” ಅಂತ ಅವರು ಈಗಲೂ ಗೊಣಗುತ್ತಾರೆ.